ಶುರುವಿಗೆ ಸರಿ, ಗಟ್ಟಿಮೇಳಕ್ಕೆ ತಪ್ಪು: ಮದುವೆ ವಿಡಿಯೋ ಎಕ್ಸ್‌ಪೋರ್ಟ್‌ನಲ್ಲಿ ಕೆಡುವುದು ಯಾಕೆ?

ಪ್ರಶ್ನೆ: ಸರ್, ನಾನು ಹರಿಹರದವನು. ಹೋದ ತಿಂಗಳು ದಾವಣಗೆರೆಯಲ್ಲಿ ಒಂದು ಮದುವೆ ಶೂಟ್ ಮಾಡಿದೆ. ಎರಡು ಕ್ಯಾಮೆರಾ 25 ಫ್ರೇಮ್‌ನಲ್ಲಿ, ಸ್ಟ್ಯಾಂಡ್ ಮೇಲೆ ಒಂದು ಫೋನು, ಮೈಕ್ ಸೆಟ್‌ನವರ ಮಿಕ್ಸರ್‌ನಿಂದ ಬೇರೆ ರೆಕಾರ್ಡರ್‌ಗೆ ಸೌಂಡು. ಎಡಿಟ್ ಪ್ರೀಮಿಯರ್‌ನಲ್ಲಿ. ಟೈಮ್‌ಲೈನ್‌ನಲ್ಲಿ ಎಲ್ಲ ಸರಿ ಇತ್ತು. ಎಕ್ಸ್‌ಪೋರ್ಟ್ ಆದಮೇಲೆ ನೋಡಿದರೆ ಫೋನಿನ ಶಾಟ್‌ಗಳಲ್ಲಿ ಸೌಂಡು ಬರ್ತಾ ಬರ್ತಾ ಹಿಂದೆ ಬೀಳುತ್ತೆ. ಫೋನಿನ ಕ್ಲಿಪ್‌ನ 22ನೇ ನಿಮಿಷಕ್ಕೆ, ಗಟ್ಟಿಮೇಳದ ಹೊತ್ತಿಗೆ, ಡೋಲಿನ ಮೇಲೆ ಕೋಲು ಬಿದ್ದು ಒಂದೂವರೆ ಸೆಕೆಂಡ್ ಆದಮೇಲೆ ಸದ್ದು. ಮೂರು ಕಡೆ ಕಪ್ಪಾಗಿ ಮಿಂಚಿ ಹೋಗುತ್ತೆ. ಟೈಮ್‌ಲೈನ್‌ಗೆ ಹಾಕಿದ ಕ್ಲಿಪ್‌ಗಳೆಲ್ಲ ಸೇರಿ 31 ಜಿಬಿ, 52 ನಿಮಿಷದ ಫೈನಲ್ ಫೈಲು 45 ಜಿಬಿ! ಪೆನ್‌ಡ್ರೈವ್‌ಗೆ ಹೋಗ್ತಿಲ್ಲ, ಟಿವಿಯಲ್ಲಿ ಓಡ್ತಿಲ್ಲ. ಮೂರು ಸಲ ಎಕ್ಸ್‌ಪೋರ್ಟ್ ಮಾಡಿದೆ, ಅದೇ ಕತೆ. ರ‍್ಯಾಮ್ ಜಾಸ್ತಿ ಹಾಕಿಸಬೇಕಾ, ಹೊಸ ಸಿಸ್ಟಮ್ಮೇ ತಗೋಬೇಕಾ? ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋದ ಸ್ಕ್ರೀನ್‌ಶಾಟ್ ಕಳಿಸಿದ್ದೇನೆ.

ಉತ್ತರ: ಸಿಸ್ಟಮ್ ಬೇಡ, ರ‍್ಯಾಮೂ ಬೇಡ. ದುಡ್ಡು ಜೇಬಲ್ಲೇ ಇರಲಿ.

ಈ ಮಾತು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇದೇ ತೊಂದರೆಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಮತ್ತೆ ಅದೇ ತೊಂದರೆ ಹೊತ್ತು ನನ್ನ ಹತ್ತಿರ ಬಂದವರಿದ್ದಾರೆ. ನಿಧಾನದ ಕಂಪ್ಯೂಟರ್ ಎಕ್ಸ್‌ಪೋರ್ಟನ್ನು ನಿಧಾನ ಮಾಡುತ್ತೆ, ಅಷ್ಟೇ. ಪ್ಲೇ ಮಾಡುವಾಗ ಚಿತ್ರ ತಡವರಿಸಬಹುದು. ಆದರೆ ಎಕ್ಸ್‌ಪೋರ್ಟ್ ಅನ್ನೋದು ಗಡಿಯಾರ ನೋಡಿಕೊಂಡು ಮಾಡುವ ಕೆಲಸ ಅಲ್ಲ. ಒಂದು ಫ್ರೇಮಿಗೆ ಎರಡು ಸೆಕೆಂಡ್ ಹಿಡಿದರೂ ಕಂಪ್ಯೂಟರ್ ಕಾಯುತ್ತೆ, ಆ ಫ್ರೇಮನ್ನು ಅದರ ಜಾಗದಲ್ಲೇ ಇಡುತ್ತೆ. ಹಾಗಾಗಿ ಸೌಂಡು ಹಿಂದೆ ಬಿದ್ದರೆ ಸಿಸ್ಟಮ್ ಬೈಯಬೇಡಿ. ಎಕ್ಸ್‌ಪೋರ್ಟ್ ಸರದಿಯ ಕೊನೆಯಲ್ಲಿ ನಿಂತಿರುತ್ತೆ, ಅದಕ್ಕೇ ಎಲ್ಲ ತಪ್ಪೂ ಅದರ ತಲೆಗೆ ಬರುತ್ತೆ.

"ಟೈಮ್‌ಲೈನ್‌ನಲ್ಲಿ ಸರಿ ಇತ್ತು" ಅಂತ ಬರೆದಿದ್ದೀರಿ. ಬೇಜಾರು ಮಾಡ್ಕೋಬೇಡಿ, ಆ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ನಾವೆಲ್ಲ ಸಿಂಕ್, ಅಂದರೆ ಚಿತ್ರಕ್ಕೂ ಸೌಂಡಿಗೂ ಹೊಂದಿಕೆ, ನೋಡುವುದು ಕ್ಲಿಪ್‌ನ ಶುರುವಿನಲ್ಲಿ. ಅಲ್ಲಿ ಕೂತ ಮೇಲೆ ಮುಂದೆಲ್ಲ ಕೂತಿರುತ್ತೆ ಅಂದುಕೊಂಡು ಕಟ್ ಮಾಡ್ತಾ ಹೋಗುತ್ತೇವೆ. ಈಗಲೇ ಪ್ರಾಜೆಕ್ಟ್ ತೆಗೆದು ಗಟ್ಟಿಮೇಳದ ಜಾಗಕ್ಕೆ ಹೋಗಿ. ಫೋನಿನ ಶಾಟ್ ಮೇಲೆ ಒಂದೊಂದೇ ಫ್ರೇಮ್ ಸರಿಸಿ, ಡೋಲಿನ ಕೋಲು ಯಾವ ಫ್ರೇಮ್‌ನಲ್ಲಿ ಬಿತ್ತು, ರೆಕಾರ್ಡರ್‌ನ ಸೌಂಡ್ ಪಟ್ಟಿಯಲ್ಲಿ ಮುಳ್ಳು ಎಲ್ಲಿ ಎದ್ದಿದೆ ನೋಡಿ. ಆ ಒಂದೂವರೆ ಸೆಕೆಂಡ್ ಅಲ್ಲೇ ಸಿಗುತ್ತೆ ಅಂತ ನನ್ನ ಲೆಕ್ಕ.

ಸಿಂಕ್ ತಪ್ಪುವುದರಲ್ಲಿ ಎರಡು ಜಾತಿ ಇದೆ. ಮೊದಲು ನಿಮ್ಮದು ಯಾವುದು ಅಂತ ತಿಳಿಯಬೇಕು, ಇಲ್ಲದಿದ್ದರೆ ಒಂದರ ಔಷಧಿ ಇನ್ನೊಂದಕ್ಕೆ ಹಾಕುತ್ತೀರಿ. ಒಂದರಲ್ಲಿ ಶುರುವಿನಿಂದ ಕೊನೆವರೆಗೆ ಒಂದೇ ಅಂತರ ಇರುತ್ತೆ. ಮೊದಲ ನಿಮಿಷದಲ್ಲಿ ಐದು ಫ್ರೇಮ್ ತಡ, ಕೊನೆಯ ನಿಮಿಷದಲ್ಲೂ ಐದೇ ಫ್ರೇಮ್. ಇದಕ್ಕೆ ಸೌಂಡನ್ನು ಒಟ್ಟಾಗಿ ಸರಿಸಿದರೆ ಮುಗೀತು. ಸರಿಸುವ ಮೊದಲು ಕಿವಿಯಲ್ಲಿ ಏನಿದೆ ನೋಡ್ಕೊಳ್ಳಿ. ಇದನ್ನು ನಾನು ಪೆಟ್ಟು ತಿಂದು ಕಲಿತವನು. ಒಂದು ಗೃಹಪ್ರವೇಶದ ವಿಡಿಯೋ ಮುಗಿಸುವಾಗ ತಂತಿಯ ಹೆಡ್‌ಫೋನ್ ಕೆಟ್ಟಿತ್ತು. ಮಗಳ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಕೂತೆ. ಪೂಜಾರಪ್ಪನ ಮಂತ್ರ ತುಟಿಗಿಂತ ತಡವಾಗಿ ಕೇಳಿಸಿತು. ಇಡೀ ಸೌಂಡ್ ಟ್ರ್ಯಾಕನ್ನು ಐದು ಫ್ರೇಮ್ ಮುಂಚೆ ಬರುವ ಹಾಗೆ ಸರಿಸಿದೆ. ನನ್ನ ಕಿವಿಗೆ ಚೆನ್ನಾಗಿ ಕೂತಿತು. ಮನೆಯವರ ಟಿವಿಯಲ್ಲಿ ಪೂಜಾರಪ್ಪ ಬಾಯಿ ತೆರೆಯುವ ಮೊದಲೇ ಮಂತ್ರ ಶುರುವಾಗುತ್ತಿತ್ತು! ಬ್ಲೂಟೂತ್ ತಾನೇ ಸೌಂಡನ್ನು ತಡ ಮಾಡಿ ಕೊಡುತ್ತೆ. 200 ಮಿಲಿಸೆಕೆಂಡ್ ಆದರೆ 25 ಫ್ರೇಮ್ ವಿಡಿಯೋದಲ್ಲಿ ಸರಿಯಾಗಿ ಐದು ಫ್ರೇಮ್. ಸೌಂಡು ಸ್ವಲ್ಪ ತಡವಾದರೆ ಜನ ಸಹಿಸಿಕೊಳ್ಳುತ್ತಾರೆ. ದೂರದ ಸದ್ದು ತಡವಾಗಿ ಕೇಳುವುದು ನಮಗೆಲ್ಲ ರೂಢಿ. ಚಿತ್ರಕ್ಕಿಂತ ಮುಂಚೆ ಬಂದರೆ ಬೇಗ ಕಣ್ಣಿಗೆ ಹೊಡೆಯುತ್ತೆ.

ಇನ್ನೊಂದು ಜಾತಿ, ಬರ್ತಾ ಬರ್ತಾ ಹೆಚ್ಚಾಗುವುದು. ನಿಮ್ಮದು ಅದೇ. ಶುರುವಿಗೆ ಸರಿ, ಹತ್ತು ನಿಮಿಷಕ್ಕೆ ಏನೋ ಸರಿಯಿಲ್ಲ ಅನ್ನಿಸುತ್ತೆ, ಇಪ್ಪತ್ತೆರಡಕ್ಕೆ ಡೋಲು ಒಂದು ದಾರಿ, ಸದ್ದು ಒಂದು ದಾರಿ. ಇದನ್ನು ಒಟ್ಟಾಗಿ ಸರಿಸಿದರೆ ಗಟ್ಟಿಮೇಳ ಸರಿಯಾಗಿ ಶುರು ಕೆಡುತ್ತೆ.

ನಿಮ್ಮ ಫೋನ್ ಕ್ಲಿಪ್‌ನ ಸ್ಕ್ರೀನ್‌ಶಾಟ್‌ನಲ್ಲಿ ಎರಡು ಸಾಲು ಇಡೀ ಕತೆ ಹೇಳುತ್ತಿವೆ. Frame rate mode ಎದುರಿಗೆ Variable ಅಂತಿದೆ. Frame rate ಎದುರಿಗೆ 29.966. ನೀವು ಫೋನಿನಲ್ಲಿ ಇಟ್ಟಿದ್ದು 30.

ಕ್ಯಾಮೆರಾ 25 ಅಂದರೆ 25, ಲೈಟ್ ಇರಲಿ ಬಿಡಲಿ. ಫೋನು ಹಾಗಲ್ಲ. ಬೆಳಕು ಕಮ್ಮಿಯಾದರೆ ಒಂದೊಂದು ಫ್ರೇಮಿಗೆ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೆ, ಬಿಸಿಯಾದರೆ ನಡುವೆ ಒಂದೆರಡು ಬಿಟ್ಟೇಬಿಡುತ್ತೆ. ಬಿಟ್ಟದ್ದನ್ನು ಮುಚ್ಚಿಡುವುದಿಲ್ಲ, ಪ್ರತಿ ಫ್ರೇಮ್ ಮೇಲೂ ಅದು ತೋರಬೇಕಾದ ಸಮಯ ಬರೆದಿಡುತ್ತೆ. ಹಾಗಾಗಿ ಫೋನಿನಲ್ಲೇ ನೋಡಿದರೆ ಎಲ್ಲ ಸರಿ. ಸೌಂಡು ಮಾತ್ರ ಯಾವುದಕ್ಕೂ ಕಾಯದೆ ಸೆಕೆಂಡಿಗೆ 48,000 ಅಳತೆ ಬರೆದುಕೊಂಡು ಹೋಗುತ್ತಿರುತ್ತೆ.

ಈಗ ಲೆಕ್ಕ ಹಾಕೋಣ. 22 ನಿಮಿಷ ಅಂದರೆ 1,320 ಸೆಕೆಂಡ್. ಸೆಕೆಂಡಿಗೆ 30ರಂತೆ 39,600 ಫ್ರೇಮ್ ಇರಬೇಕಿತ್ತು. ನಿಮ್ಮ ಫೋನಿನ ಸರಾಸರಿ 29.966ರ ಪ್ರಕಾರ ಇರುವುದು ಸುಮಾರು 39,555. ಕಮ್ಮಿ ಇರುವುದು 45 ಫ್ರೇಮ್. ಎಡಿಟಿಂಗ್ ಸಾಫ್ಟ್‌ವೇರ್ ಆ ಸಮಯದ ಚೀಟಿಗಳನ್ನು ಓದದೆ, "30 ಅಂತ ಹೇಳಿದೆ ಅಲ್ವಾ" ಅಂತ ಫ್ರೇಮ್‌ಗಳನ್ನು ಒತ್ತೊತ್ತಾಗಿ ಜೋಡಿಸಿದರೆ 22 ನಿಮಿಷದ ಚಿತ್ರ ಒಂದೂವರೆ ಸೆಕೆಂಡ್ ಮುಂಚೆ ಮುಗಿಯುತ್ತೆ. 45 ಭಾಗಿಸು 30, ಒಂದೂವರೆ. ಚಿತ್ರ ಮುಂದೆ ಓಡಿದೆ, ಸೌಂಡು ಇದ್ದಲ್ಲೇ ಇದೆ. ನಮಗೆ ಕಾಣುವುದು ಸೌಂಡು ತಡವಾದ ಹಾಗೆ.

ಕ್ಲಿಪ್ ಉದ್ದವಾದಷ್ಟೂ ಇದು ಎದ್ದು ಕಾಣುತ್ತೆ. ಸಂತೆಬೆನ್ನೂರು ಪುಷ್ಕರಣಿಯಲ್ಲಿ ಪ್ರೀವೆಡ್ಡಿಂಗ್ ಶೂಟ್ ಮಾಡಿ ಹತ್ತು ಹತ್ತು ಸೆಕೆಂಡಿನ ತುಣುಕು ತಂದರೆ ಇದೇ ಫೋನು ಯಾವ ತಕರಾರೂ ಮಾಡುವುದಿಲ್ಲ. ಮುಹೂರ್ತಕ್ಕೆ ಅರ್ಧ ಗಂಟೆ ಒಂದೇ ಸಮನೆ ಬಿಟ್ಟಾಗ ಸಿಕ್ಕಿಬೀಳುತ್ತೆ.

"44.1 ಮತ್ತು 48 ಕಿಲೋಹರ್ಟ್ಸ್ ಬೆರೆಸಿದ್ದಕ್ಕೆ ಹೀಗಾಗಿದೆ" ಅಂತ ಯಾರಾದರೂ ಹೇಳಿರಬಹುದು. ಈಗಿನ ಸಾಫ್ಟ್‌ವೇರ್‌ಗಳು ಅದನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಅದು ನಿಜವಾಗಿ ಕೆಟ್ಟಿದ್ದರೆ ಧ್ವನಿಯ ಶ್ರುತಿಯೇ ಬದಲಾಗಿ ನಾದಸ್ವರ ಬೇರೆ ಮನೆಯಲ್ಲಿ ನುಡಿಯುತ್ತಿತ್ತು, ನಿಮಗೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತಿತ್ತು. ರೆಕಾರ್ಡರ್ ಮತ್ತು ಕ್ಯಾಮೆರಾದ ಗಡಿಯಾರಗಳ ನಡುವೆ ಸ್ವಲ್ಪ ವ್ಯತ್ಯಾಸ ಇರುವುದು ನಿಜ. ಆದರೆ ಅದು ಸಾಮಾನ್ಯವಾಗಿ ಗಂಟೆಗೆ ಕೆಲವೇ ಫ್ರೇಮ್, 22 ನಿಮಿಷಕ್ಕೆ ಒಂದೂವರೆ ಸೆಕೆಂಡ್ ಅಲ್ಲ.

ಇನ್ನೊಂದು ಬಲೆ ಇದೆ. ಸಿಂಕ್ ಮಾಡುವಾಗ ನೀವು ಫೋನಿನ ಸೌಂಡ್ ಪಟ್ಟಿಯನ್ನೂ ರೆಕಾರ್ಡರ್‌ನ ಪಟ್ಟಿಯನ್ನೂ ಒಂದರ ಕೆಳಗೆ ಒಂದಿಟ್ಟು ಮುಳ್ಳಿಗೆ ಮುಳ್ಳು ಕೂರಿಸಿರುತ್ತೀರಿ. ಕೊನೆವರೆಗೂ ಕೂತಿರುತ್ತೆ ಕೂಡ. ಆದರೆ ನೀವು ಹೋಲಿಸಿದ್ದು ಸೌಂಡಿಗೆ ಸೌಂಡನ್ನು. ಫೋನಿನ ಚಿತ್ರ ಅದರ ಸ್ವಂತ ಸೌಂಡನ್ನೇ ಬಿಟ್ಟು ಓಡಿದೆ, ಅದು ಆ ಪಟ್ಟಿಗಳಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಕಣ್ಣಿಗೆ ಕಾಣುವ ಪೆಟ್ಟು ಬೇಕು: ಡೋಲಿನ ಕೋಲು, ತೆಂಗಿನಕಾಯಿ ಒಡೆಯುವುದು, ಯಾರೋ ಚಪ್ಪಾಳೆ ತಟ್ಟುವುದು. ಒಂದು ಶುರುವಿನಲ್ಲಿ, ಒಂದು ಕೊನೆಯಲ್ಲಿ. ಎರಡು ಕಡೆ ನೋಡದೆ ಸಿಂಕ್ ಆಯಿತು ಅನ್ನಬೇಡಿ.

ಈಗ ದುರಸ್ತಿ. ಮೊದಲು ಒಂದು ನಿಮಿಷದ ಕೆಲಸ. ಪ್ರೀಮಿಯರ್‌ನಲ್ಲಿ ಫೋನಿನ ಕ್ಲಿಪ್ ಆಯ್ಕೆ ಮಾಡಿ Effect Controls ತೆಗೆದು ಸೋರ್ಸ್ ಕಡೆ ನೋಡಿ. ಇಂಥ ಕ್ಲಿಪ್‌ಗೆ ಅಲ್ಲಿ ಎರಡು ಆಯ್ಕೆ ಇರುತ್ತೆ: Preserve Audio Sync ಮತ್ತು Smooth Video. ಎರಡನೆಯದು ಇದ್ದರೆ ಕಳ್ಳ ಸಿಕ್ಕಿದ. ಚಿತ್ರ ಅಲ್ಲಲ್ಲಿ ಎಡವುತ್ತೆ ಅಂತ ಕೆಲವರು ಅದನ್ನು ಬದಲಿಸಿರುತ್ತಾರೆ, ಆಮೇಲೆ ಮರೆತಿರುತ್ತಾರೆ. ಮೊದಲನೆಯದಕ್ಕೆ ಹಾಕಿ ಗಟ್ಟಿಮೇಳ ನೋಡಿ.

ಅದರಿಂದ ಆಗದಿದ್ದರೆ, ಅಥವಾ ಬೇರೆ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವವರಾದರೆ, ಫೋನಿನ ಫೈಲನ್ನೇ ಸಮ ಫ್ರೇಮ್‌ಗೆ ಬದಲಿಸಿಕೊಳ್ಳಿ. ನಾನಂತೂ ಫೋನಿನ ಉದ್ದ ಕ್ಲಿಪ್ ಬಂದರೆ ಟೈಮ್‌ಲೈನ್‌ಗೆ ಹಾಕುವ ಮೊದಲೇ ಇದನ್ನು ಮಾಡುತ್ತೇನೆ, ಸೆಟ್ಟಿಂಗ್ ನಂಬಿ ಕೂರುವುದಿಲ್ಲ. ಕಮಾಂಡ್ ಟೈಪ್ ಮಾಡಿ ಓಡಿಸುವ ಎಫ್‌ಎಫ್‌ಎಂಪೆಗ್ ಸಾಫ್ಟ್‌ವೇರ್ ಇದ್ದರೆ ಒಂದೇ ಸಾಲು:

```
ffmpeg -i phone.mp4 -vf fps=30 -c:v libx264 -preset fast -crf 16 -pix_fmt yuv420p -c:a pcm_s16le -ar 48000 phone_cfr.mov
```

ಇದು ಪ್ರತಿ ಫ್ರೇಮ್‌ನ ಸಮಯದ ಚೀಟಿ ಓದುತ್ತೆ. ಎಲ್ಲಿ ಫ್ರೇಮ್ ಬಿಟ್ಟುಹೋಗಿದೆಯೋ ಅಲ್ಲಿ ಹಿಂದಿನದನ್ನೇ ಇನ್ನೊಮ್ಮೆ ಇಟ್ಟು ಸೆಕೆಂಡಿಗೆ ಸರಿಯಾಗಿ 30 ತುಂಬಿಸುತ್ತೆ. ಆ 45 ಫ್ರೇಮ್ ವಾಪಸ್ ಬರುತ್ತವೆ, ನಕಲಾಗಿ. ನೋಡುವವರಿಗೆ ಗೊತ್ತಾಗುವುದಿಲ್ಲ. ಟೈಪ್ ಮಾಡುವುದು ಇಷ್ಟವಿಲ್ಲದಿದ್ದರೆ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರ್‌ನಲ್ಲಿ ವಿಡಿಯೋ ಟ್ಯಾಬ್‌ಗೆ ಹೋಗಿ Framerate 30 ಇಟ್ಟು Constant Framerate ಒತ್ತಿ, ಅದೂ ಇದನ್ನೇ ಮಾಡುತ್ತೆ. ಫೈಲು ಮೂಲದ್ದಕ್ಕಿಂತ ದೊಡ್ಡದಾಗಬಹುದು, ಒಂದು ಸಲ ಮತ್ತೆ ಕಂಪ್ರೆಸ್ ಆಗುತ್ತೆ. ಈ ಕ್ವಾಲಿಟಿಯಲ್ಲಿ ಅದರ ನಷ್ಟ ಹುಡುಕಿದರೂ ಸಿಗುವುದು ಕಷ್ಟ.

ಎಡಿಟ್ ಪೂರ್ತಿ ಮುಗಿದಿದೆಯಲ್ಲ, ಮತ್ತೆ ಶುರುವಿಂದ ಕೂರಬೇಕಾ? ಬೇಡ. ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ ಫೋನಿನ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ Replace Footage ಕೊಟ್ಟು ಹೊಸ ಫೈಲು ತೋರಿಸಿ. ಶುರುವಿನಲ್ಲಿ ಸಿಂಕ್ ಮಾಡಿ, ಆಮೇಲೆ ಕತ್ತರಿಸುವುದನ್ನು ಬಿಟ್ಟು ಬೇರೇನೂ ಮಾಡಿಲ್ಲದಿದ್ದರೆ ಎಲ್ಲ ತುಣುಕೂ ತಾನೇ ಸರಿಯಾಗಿ ಕೂರುತ್ತೆ. ಎರಡು ಕಡೆ ಎಚ್ಚರ ಬೇಕು. ನಡುವೆ ಯಾವುದೋ ಶಾಟ್ ತಡ ಅನ್ನಿಸಿ ಕೈಯಲ್ಲೇ ಸರಿಸಿದ್ದರೆ, ಅದು ಈಗ ಅಷ್ಟೇ ಕೆಡುತ್ತೆ, ವಾಪಸ್ ಸರಿಸಬೇಕು. ಮತ್ತೆ, ಕೊನೆಯ ಕಡೆಯ ಶಾಟ್‌ಗಳು ಈಗ ನೀವು ಆಗ ನೋಡಿದ್ದಕ್ಕಿಂತ ಒಂದೂವರೆ ಸೆಕೆಂಡ್ ಹಿಂದಿನ ದೃಶ್ಯದಿಂದ ಶುರುವಾಗುತ್ತವೆ. ಮದುಮಗ ತಾಳಿ ಕೈಗೆತ್ತಿಕೊಂಡ ಕ್ಷಣಕ್ಕೇ ಕಟ್ ಇಟ್ಟಿದ್ದರೆ ಅದು ಜರುಗಿರುತ್ತೆ. ಫೋನಿನ ಶಾಟ್ ಇರುವ ಕಡೆಯೆಲ್ಲ ಒಂದು ಸಲ ಹೋಗಿ ಬನ್ನಿ.

ಕ್ಲಿಪ್‌ನ ವೇಗ 99.89 ಪರ್ಸೆಂಟ್ ಮಾಡಿ ಎಳೆದುಬಿಡಿ ಅಂತ ಹೇಳುವವರಿದ್ದಾರೆ. ಲೆಕ್ಕ ಸರಿಯಾಗೇ ಇದೆ. ಆದರೆ ಅದು ನಡೆಯುವುದು ಫ್ರೇಮ್‌ಗಳು ಒಂದೇ ಸಮನಾಗಿ ಕಮ್ಮಿಯಾಗಿದ್ದರೆ. ಫೋನು ಹಾಗೆ ಮಾಡುವುದಿಲ್ಲ. ಕರೆಂಟ್ ಹೋಗಿ ಜನರೇಟರ್ ಶುರುವಾಗುವ ತನಕ ಮಂಟಪ ಮಬ್ಬಾಗಿತ್ತು ಅಂದ್ಕೊಳ್ಳಿ. 45ರಲ್ಲಿ 30 ಫ್ರೇಮ್ ಆ ಎರಡು ನಿಮಿಷದಲ್ಲೇ ಹೋಗಿರಬಹುದು. ಆಗ ಎಳೆದರೆ ಎರಡು ತುದಿ ಕೂರುತ್ತೆ, ನಡುವೆ ಧಾರೆ ಕೆಡುತ್ತೆ. ನಾಳೆಯೇ ಕೊಡಬೇಕು, ಟೈಮ್ ಇಲ್ಲ ಅಂದರೆ ಫೋನಿನ ಒಂದೊಂದು ತುಣುಕನ್ನೂ ಸ್ಲಿಪ್ ಟೂಲ್‌ನಿಂದ ಕಣ್ಣಳತೆಯಲ್ಲಿ ಕೂರಿಸಿ. ಹತ್ತು ಹದಿನೈದು ತುಣುಕು ಇದ್ದರೆ ಒಂದು ಗಂಟೆ ಕೆಲಸ.

ಇನ್ನು ಕಪ್ಪು ಮಿಂಚು. ನೀವು ಮೂರು ಸಲ ಎಕ್ಸ್‌ಪೋರ್ಟ್ ಮಾಡಿದ್ದು ದಂಡ ಆಗಲಿಲ್ಲ. ಆ ಮೂರೂ ಫೈಲು ಅಳಿಸದೆ ಇದ್ದರೆ ಕಪ್ಪು ಬರುವ ಸಮಯ ಬರೆದು ಹೋಲಿಸಿ. ಮೂರರಲ್ಲೂ ಅದೇ ನಿಮಿಷ, ಅದೇ ಸೆಕೆಂಡ್ ಆದರೆ ತಪ್ಪು ಟೈಮ್‌ಲೈನ್‌ನಲ್ಲಿದೆ. ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಬಂದರೆ ತಪ್ಪು ಮಷೀನಿನದು. ಅರ್ಧ ತೊಂದರೆ ಈ ಒಂದು ಹೋಲಿಕೆಯಲ್ಲೇ ಬಗೆಹರಿಯುತ್ತೆ, ಆದರೂ ಇದನ್ನು ಮಾಡದೆ ಡ್ರೈವರ್ ಅಪ್‌ಡೇಟ್ ಮಾಡುತ್ತಾ ಕೂರುವವರೇ ಜಾಸ್ತಿ.

ಕಣ್ಣಲ್ಲಿ ಹುಡುಕುವುದು ಬೇಡ. 25 ಫ್ರೇಮ್ ವಿಡಿಯೋದಲ್ಲಿ ಒಂದು ಫ್ರೇಮ್ 0.04 ಸೆಕೆಂಡ್, ರೆಪ್ಪೆ ಬಡಿದರೆ ತಪ್ಪಿಹೋಗುತ್ತೆ. ಇದು ಹುಡುಕಿ ಸಮಯ ಬರೆದುಕೊಡುತ್ತೆ:

```
ffmpeg -i final.mov -vf blackdetect=d=0.03:pix_th=0.10 -an -f null -
```

ನೀವು ಬೇಕೆಂದೇ ಹಾಕಿದ ಫೇಡ್‌ಗಳೂ ಆ ಪಟ್ಟಿಯಲ್ಲಿ ಬರುತ್ತವೆ. ಅವುಗಳ ಅವಧಿ ಜಾಸ್ತಿ ಇರುತ್ತೆ. black_duration ಎದುರಿಗೆ 0.04 ಅಥವಾ 0.08 ಇರುವವು ನಿಮ್ಮ ಮಿಂಚುಗಳು.

"ಅದೇ ಕತೆ" ಅಂದಿದ್ದೀರಿ, ಹಾಗಾಗಿ ಒಂದೇ ಜಾಗದಲ್ಲಿ ಬರುತ್ತಿವೆ ಅಂದುಕೊಳ್ಳುತ್ತೇನೆ. ಟೈಮ್‌ಲೈನ್‌ನಲ್ಲಿ ಆ ಸಮಯಕ್ಕೆ ಹೋಗಿ, ಒಂದೊಂದು ಫ್ರೇಮ್ ಬೇರೆ ಬೇರೆಯಾಗಿ ಕಾಣುವಷ್ಟು ಹಿಗ್ಗಿಸಿ. ಎರಡು ಕ್ಲಿಪ್‌ಗಳ ನಡುವೆ ಕೂದಲೆಳೆಯಷ್ಟು ಸಂದು ಕಾಣುತ್ತೆ. ದೂರದಿಂದ ನೋಡಿದಾಗ ಎರಡೂ ಅಂಟಿಕೊಂಡ ಹಾಗೇ ಇರುತ್ತೆ, ಅದಕ್ಕೇ ಗೊತ್ತಾಗುವುದಿಲ್ಲ. ಅಲ್ಲಿ ತೋರಿಸಲು ಏನೂ ಇಲ್ಲ, ಕಪ್ಪೇ ಬರಬೇಕು. ಎಕ್ಸ್‌ಪೋರ್ಟ್ ಪ್ರಾಮಾಣಿಕವಾಗಿ ಅದನ್ನೇ ಕೊಟ್ಟಿದೆ. 30ರ ಕ್ಲಿಪ್ಪನ್ನು 25ರ ಟೈಮ್‌ಲೈನ್‌ಗೆ ಹಾಕಿ ತುದಿ ಕತ್ತರಿಸಿದಾಗ, ಅಥವಾ ಮೇಲಿನ ಟ್ರ್ಯಾಕಿನ ಶಾಟ್ ಅಳಿಸಿದಾಗ ಇಂಥ ಸಂದು ಉಳಿದುಕೊಳ್ಳುತ್ತೆ. ಪ್ರೀಮಿಯರ್‌ನಲ್ಲಿ Sequence ಮೆನುವಿನ Go to Gap ಒಂದೊಂದಾಗಿ ಸಂದುಗಳಿಗೆ ಕರೆದುಕೊಂಡು ಹೋಗುತ್ತೆ. ಸಂದನ್ನು ಅಳಿಸುವ ಬದಲು ಹಿಂದಿನ ಕ್ಲಿಪ್‌ನ ತುದಿಯನ್ನು ಒಂದು ಫ್ರೇಮ್ ಎಳೆದು ಮುಚ್ಚಿ. ಅಳಿಸಿದರೆ ಮುಂದಿನ ಚಿತ್ರವೆಲ್ಲ ಒಂದು ಫ್ರೇಮ್ ಹಿಂದೆ ಸರಿದು ಮತ್ತೆ ಸೌಂಡಿನ ತಕರಾರು ಶುರುವಾದೀತು.

ಮಿಂಚು ಜಾಗ ಬದಲಿಸುತ್ತಿದ್ದರೆ ಎಕ್ಸ್‌ಪೋರ್ಟ್‌ನಲ್ಲಿ Hardware Encoding ಇದ್ದರೆ ತೆಗೆದು Software Encoding ಹಾಕಿ, Use Previews ಟಿಕ್ ತೆಗೆಯಿರಿ, ಹಳೆಯ ರೆಂಡರ್ ಫೈಲುಗಳನ್ನು ಅಳಿಸಿ. ಹೊತ್ತು ಜಾಸ್ತಿ ಹಿಡಿಯುತ್ತೆ. ರಾತ್ರಿ ಹಚ್ಚಿ ಮಲಗಿ.

ಈಗ 45 ಜಿಬಿಯ ವಿಷಯಕ್ಕೆ ಬರೋಣ. ಕತ್ತರಿಸಿ ಚಿಕ್ಕದು ಮಾಡಿದ ಮೇಲೆ ಫೈಲು ದೊಡ್ಡದಾಗುವುದು ಹೇಗೆ ಅನ್ನುವುದು ನ್ಯಾಯವಾದ ಪ್ರಶ್ನೆ. ನಮ್ಮೂರಲ್ಲಿ ಇದಕ್ಕೆ ಉದಾಹರಣೆ ಹುಡುಕಿಕೊಂಡು ಹೋಗಬೇಕಿಲ್ಲ, ಮಂಡಕ್ಕಿ ಭಟ್ಟಿಗೆ ಹೋದರೆ ಸಾಕು. ಒಂದು ಚೀಲ ಅಕ್ಕಿ ಒಳಗೆ ಹೋಗಿ ಹಲವು ಚೀಲ ಮಂಡಕ್ಕಿ ಹೊರಗೆ ಬರುತ್ತೆ. ಅಕ್ಕಿ ಜಾಸ್ತಿಯಾಗಿಲ್ಲ, ಅರಳಿದೆ ಅಷ್ಟೇ.

ನಿಮ್ಮ ಫೈನಲ್ ಫೈಲಿನ ಸ್ಕ್ರೀನ್‌ಶಾಟ್‌ನಲ್ಲಿ ಫಾರ್ಮ್ಯಾಟ್ ProRes ಅಂತಿದೆ, ಬಿಟ್‌ರೇಟ್ ಸೆಕೆಂಡಿಗೆ 122 ಮೆಗಾಬಿಟ್. ಪ್ರೋರೆಸ್ ಮಾಡಿರುವುದು ಎಡಿಟಿಂಗ್ ನಡುವೆ ಫೈಲು ಸಾಗಿಸಲಿಕ್ಕೆ, ಮಾಸ್ಟರ್ ಇಟ್ಟುಕೊಳ್ಳಲಿಕ್ಕೆ. ಪ್ರತಿ ಫ್ರೇಮನ್ನೂ ಬಿಡಿಬಿಡಿಯಾಗಿ, ಉದಾರವಾಗಿ ಬರೆಯುತ್ತೆ. ಕ್ಯಾಮೆರಾದಲ್ಲಿ ಒತ್ತಿ ತುಂಬಿದ್ದ ಚಿತ್ರ ಇಲ್ಲಿ ಅರಳಿ ಕೂತಿದೆ. ಹೊಸ ವಿವರ ಏನೂ ಸೇರಿಲ್ಲ. ಟಿವಿಯಲ್ಲಿ ಓಡದಿರುವುದಕ್ಕೂ ಇದೇ ಕಾರಣ. ಮನೆಯ ಟಿವಿಗಳಿಗೆ ಪ್ರೋರೆಸ್ ಓದಲು ಬರುವುದಿಲ್ಲ.

ಫೈಲಿನ ಗಾತ್ರಕ್ಕೆ ಬೇರೆ ಯಾವ ಗುಟ್ಟೂ ಇಲ್ಲ. ನಲ್ಲಿ ಎಷ್ಟು ಜೋರು ಬಿಟ್ಟಿದ್ದೀರಿ, ಎಷ್ಟು ಹೊತ್ತು ಬಿಟ್ಟಿದ್ದೀರಿ, ಅಷ್ಟು ನೀರು. ಸೆಕೆಂಡಿಗೆ 1 ಮೆಗಾಬಿಟ್ ಅಂದರೆ ನಿಮಿಷಕ್ಕೆ 7.5 ಎಂಬಿ. ಇದೊಂದು ನೆನಪಿದ್ದರೆ ಸಾಕು. 122ನ್ನು 7.5ರಿಂದ ಗುಣಿಸಿದರೆ ನಿಮಿಷಕ್ಕೆ 915 ಎಂಬಿ, 52 ನಿಮಿಷಕ್ಕೆ ಸುಮಾರು 47.6 ಜಿಬಿ, ಸೌಂಡು ಸೇರಿ ಇನ್ನೂ ಸ್ವಲ್ಪ. ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುವುದರಿಂದ ನಿಮಗೆ 45 ಅಂತ ತೋರಿಸಿದೆ. ಎಲ್ಲ ಸರಿಯಾಗೇ ನಡೆದಿದೆ, ಆಯ್ಕೆ ಮಾತ್ರ ತಪ್ಪು.

ಮನೆಯವರಿಗೆ ಕೊಡುವ ಫೈಲಿಗೆ ಫಾರ್ಮ್ಯಾಟ್ H.264 ಇಡಿ, ಬಿಟ್‌ರೇಟ್ VBR, 2 pass, ಟಾರ್ಗೆಟ್ 16, ಗರಿಷ್ಠ 20. ಹದಿನಾರಕ್ಕೆ ನಿಮಿಷಕ್ಕೆ 120 ಎಂಬಿ, ಒಟ್ಟು 6.2 ಜಿಬಿ ಆಸುಪಾಸು. ಎಕ್ಸ್‌ಪೋರ್ಟ್ ಒತ್ತುವ ಮೊದಲೇ Estimated File Size ಅಂತ ಕೆಳಗೆ ತೋರಿಸುತ್ತೆ, ಅದನ್ನು ಓದುವ ಅಭ್ಯಾಸ ಮಾಡ್ಕೊಳ್ಳಿ. ಫೈಲನ್ನು ಜಿಪ್ ಮಾಡಿ ಚಿಕ್ಕದು ಮಾಡಲು ಹೋಗಬೇಡಿ, ವಿಡಿಯೋ ಈಗಾಗಲೇ ಹಿಂಡಿದ ವಸ್ತು, ಅದರಿಂದ ಇನ್ನೇನೂ ಹೊರಡುವುದಿಲ್ಲ.

ಹಾಗಾದರೆ 5ಕ್ಕೆ ಇಳಿಸಿ 2 ಜಿಬಿ ಮಾಡಿಬಿಡೋಣವಾ? ಮಾತಾಡುವ ಶಾಟ್‌ಗಳು ಚೆನ್ನಾಗೇ ಬರುತ್ತವೆ. ಕೆಡುವುದು ಅಕ್ಷತೆ ಬೀಳುವಾಗ. ಸಾವಿರಾರು ಅಕ್ಕಿ ಕಾಳು, ಒಂದೊಂದೂ ಬೇರೆ ದಿಕ್ಕಿಗೆ, ಹಿಂದೆ ಜರಿ ಸೀರೆಗಳ ಹೊಳಪು. H.264 ಬದುಕುವುದೇ ಹಿಂದಿನ ಫ್ರೇಮ್‌ನಿಂದ ಸಾಲ ತಗೊಂಡು, ಇಲ್ಲಿ ಸಾಲ ಕೊಡುವ ಫ್ರೇಮೇ ಇರುವುದಿಲ್ಲ. ಮದುಮಕ್ಕಳ ಮುಖ ಚೌಕ ಚೌಕವಾಗಿ ಒಡೆಯುತ್ತೆ. ಹಾಗಾಗಿ ಬಿಟ್‌ರೇಟ್ ಪರೀಕ್ಷೆ ಮಾಡುವಾಗ ಅಕ್ಷತೆಯ ಒಂದು ನಿಮಿಷವನ್ನೇ ಎಕ್ಸ್‌ಪೋರ್ಟ್ ಮಾಡಿ ದೊಡ್ಡ ಟಿವಿಯಲ್ಲಿ ನೋಡಿ. ಅದು ಉಳಿದರೆ ಉಳಿದದ್ದೆಲ್ಲ ಉಳಿಯುತ್ತೆ. ಯೂಟ್ಯೂಬ್‌ಗೆ ಹಾಕುವುದಾದರೂ ಇದೇ ಫೈಲು ಸಾಕು. 25 ಫ್ರೇಮಿನ 1080p ವಿಡಿಯೋಗೆ ಅವರೇ ಹೇಳುವುದು 8 ಮೆಗಾಬಿಟ್, ಮತ್ತೆ ಏನೇ ಕೊಟ್ಟರೂ ಅವರು ತಮ್ಮದೇ ರೀತಿ ಇನ್ನೊಮ್ಮೆ ಹಿಂಡುತ್ತಾರೆ.

ಪೆನ್‌ಡ್ರೈವ್‌ನದು ಇನ್ನೊಂದು ತಕರಾರು. 64 ಜಿಬಿಯ ಖಾಲಿ ಪೆನ್‌ಡ್ರೈವ್ ಕೂಡ ಫೈಲು ಬೇಡ ಅಂದಿದ್ದರೆ ಅದು FAT32 ಫಾರ್ಮ್ಯಾಟ್‌ನಲ್ಲಿರುತ್ತೆ. ಅದರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವ ಹಾಗಿಲ್ಲ, ಜಾಗ ಎಷ್ಟೇ ಇರಲಿ. 6.2 ಜಿಬಿಯದೂ ಹೋಗುವುದಿಲ್ಲ. exFATಗೆ ಫಾರ್ಮ್ಯಾಟ್ ಮಾಡಿದರೆ ಹೋಗುತ್ತೆ, ಆದರೆ ಕೆಲವು ಹಳೇ ಟಿವಿಗಳು ಆ ಪೆನ್‌ಡ್ರೈವನ್ನೇ ಗುರುತಿಸುವುದಿಲ್ಲ. ಮನೆಯವರ ಟಿವಿ ಯಾವುದು ಅಂತ ಗೊತ್ತಿಲ್ಲದಿದ್ದರೆ FAT32ನಲ್ಲೇ ಬಿಟ್ಟು ವಿಡಿಯೋವನ್ನು ಎರಡು ಭಾಗ ಮಾಡಿ: ಧಾರೆ, ಗಟ್ಟಿಮೇಳದವರೆಗೆ ಒಂದು, ಆರತಕ್ಷತೆಯಿಂದ ಇನ್ನೊಂದು. ಒಂದೊಂದೂ ಸುಮಾರು 3 ಜಿಬಿ ಆಗುತ್ತೆ. ಅಕ್ಷತೆ ಬೀಳುತ್ತಿರುವಾಗ ಮಾತ್ರ ತುಂಡು ಮಾಡಬೇಡಿ, ನಾನು ಒಮ್ಮೆ ಮಾಡಿ ಮದುಮಗಳ ಅಜ್ಜಿಯಿಂದ ಬೈಸಿಕೊಂಡಿದ್ದೇನೆ.

ಮುಂದಿನ ಮದುವೆಗೆ ಫೋನು ಹಚ್ಚುವ ಮೊದಲು 25 ಫ್ರೇಮ್ ಇಡಲು ಆಗುತ್ತಾ ನೋಡಿ. ಐಫೋನ್ ಆದರೆ ಕ್ಯಾಮೆರಾ ಸೆಟ್ಟಿಂಗ್‌ನ Record Video ಒಳಗೆ Show PAL Formats ಹಚ್ಚಿದರೆ 25 ಕಾಣುತ್ತೆ, ಅಲ್ಲೇ Auto FPS ಇದ್ದರೆ ಆಫ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಫ್ರೇಮ್ ಹಿಡಿದಿಡುವ ಕ್ಯಾಮೆರಾ ಆ್ಯಪ್ ಬೇಕಾಗಬಹುದು. ಇಷ್ಟೆಲ್ಲ ಮಾಡಿದರೂ ಫೋನು ಅಲ್ಲೊಂದು ಇಲ್ಲೊಂದು ಫ್ರೇಮ್ ನುಂಗಬಹುದು. ಕ್ಲಿಪ್ ಕಾಪಿ ಮಾಡಿದ ತಕ್ಷಣ ಮೀಡಿಯಾಇನ್ಫೋದಲ್ಲಿ ಆ Variable ಸಾಲು ನೋಡಿ, ಇದ್ದರೆ ಮೇಲಿನ ಕಮಾಂಡ್ ಹಾಕಿ ಊಟಕ್ಕೆ ಹೋಗಿ. ವಾಪಸ್ ಬರುವಷ್ಟರಲ್ಲಿ ಬಹುಮಟ್ಟಿಗೆ ಮುಗಿದಿರುತ್ತೆ.